ಷೇರು ನಷ್ಟದಿಂದ ತೆರಿಗೆ ಇಳಿಕೆ: ಲೆಕ್ಕ ಎಲ್ಲಿ ಕೂಡುತ್ತದೆ, ಎಲ್ಲಿ ತಪ್ಪುತ್ತದೆ

ಷೇರು ಮಾರಿ ಬಂದ ಲಾಭಕ್ಕೆ ಆದಾಯ ತೆರಿಗೆ ಇದೆ. ಮಾರಿ ಆದ ನಷ್ಟವನ್ನು ಆ ಲಾಭದಲ್ಲಿ ಕಳೆದು, ಉಳಿದದ್ದಕ್ಕೆ ಮಾತ್ರ ತೆರಿಗೆ ಕಟ್ಟಲು ಕಾನೂನು ಅವಕಾಶ ಕೊಡುತ್ತದೆ. ಲೆಕ್ಕಪರಿಶೋಧಕರ ಮಾತಿನಲ್ಲಿ ಇದು ‘ಸೆಟ್ ಆಫ್’. ಕನ್ನಡದಲ್ಲಿ ನಷ್ಟದ ವಜಾ ಎನ್ನಬಹುದು. ಮಾರ್ಚ್ ತಿಂಗಳು ಬಂತೆಂದರೆ ವಹಿವಾಟುದಾರರು ತಮ್ಮ ಡಿಮ್ಯಾಟ್ ಖಾತೆಯಲ್ಲಿ ಕೆಂಪಾಗಿರುವ ಷೇರುಗಳನ್ನು ಹುಡುಕಿ ಮಾರುವುದು ಇದೇ ಕಾರಣಕ್ಕೆ. ಈ ಕೆಲಸಕ್ಕೆ ಎರಡು ಕಟ್ಟುಗಳಿವೆ. ಮಾರದೆ ಇಟ್ಟುಕೊಂಡ ಷೇರಿನ ಬೆಲೆ ಎಷ್ಟೇ ಕುಸಿದಿರಲಿ, ಅದು ತೆರಿಗೆಯ ಲೆಕ್ಕಕ್ಕೆ ನಷ್ಟವಲ್ಲ. ಮಾರಿದ ಮೇಲೂ ಎಲ್ಲ ನಷ್ಟವೂ ಎಲ್ಲ ಲಾಭದ ಎದುರು ನಿಲ್ಲುವುದಿಲ್ಲ. ಎರಡನೆಯದು ಸರಿಯಾಗಿ ಗೊತ್ತಿಲ್ಲದೆ ತಪ್ಪು ಷೇರನ್ನು, ತಪ್ಪು ಸಮಯದಲ್ಲಿ, ಬೇಕಾದ್ದಕ್ಕಿಂತ ಹೆಚ್ಚು ಮಾರುವವರೇ ಬಹಳ.

ಷೇರು ಪೇಟೆಯಲ್ಲಿ ನೋಂದಾಯಿತವಾದ ಷೇರನ್ನು ಡೆಲಿವರಿ ಪಡೆದು, 12 ತಿಂಗಳು ಅಥವಾ ಅದಕ್ಕಿಂತ ಕಡಿಮೆ ಕಾಲ ಇಟ್ಟುಕೊಂಡು ಮಾರಿದರೆ ಅದು ಅಲ್ಪಾವಧಿ; 12 ತಿಂಗಳು ದಾಟಿದ ಮೇಲೆ ಮಾರಿದರೆ ದೀರ್ಘಾವಧಿ. 2024ರ ಜುಲೈ 23ರಿಂದ ಅಲ್ಪಾವಧಿ ಲಾಭಕ್ಕೆ ಶೇಕಡ 20ರಷ್ಟು, ದೀರ್ಘಾವಧಿ ಲಾಭಕ್ಕೆ ಶೇಕಡ 12.5ರಷ್ಟು ತೆರಿಗೆ ಇದೆ. ದೀರ್ಘಾವಧಿ ಲಾಭದಲ್ಲಿ ವರ್ಷಕ್ಕೆ 1.25 ಲಕ್ಷ ರೂಪಾಯಿಯವರೆಗೆ ತೆರಿಗೆಯೇ ಇಲ್ಲ. ಇವೆರಡರ ಮೇಲೂ ಶೇಕಡ 4ರ ಸೆಸ್ ಬೀಳುತ್ತದೆ.

ನಷ್ಟಕ್ಕೂ ಇದೇ ಎರಡು ಹೆಸರು, ಆದರೆ ಅವುಗಳ ಬಲ ಒಂದೇ ಅಲ್ಲ. ಅಲ್ಪಾವಧಿ ನಷ್ಟವನ್ನು ಅಲ್ಪಾವಧಿ ಲಾಭದಲ್ಲೂ ಕಳೆಯಬಹುದು, ದೀರ್ಘಾವಧಿ ಲಾಭದಲ್ಲೂ ಕಳೆಯಬಹುದು. ದೀರ್ಘಾವಧಿ ನಷ್ಟಕ್ಕೆ ದೀರ್ಘಾವಧಿ ಲಾಭವೊಂದೇ ಗತಿ. ಸಂಬಳ, ಬಡ್ಡಿ, ಬಾಡಿಗೆಯ ಆದಾಯದಲ್ಲಿ ಈ ಎರಡನ್ನೂ ಕಳೆಯುವಂತಿಲ್ಲ. 1961ರ ಕಾಯ್ದೆಯ ಜಾಗಕ್ಕೆ 2025ರ ಆದಾಯ ತೆರಿಗೆ ಕಾಯ್ದೆ ಬಂದು, 2026ರ ಏಪ್ರಿಲ್ 1ರಿಂದ ಸೆಕ್ಷನ್‌ಗಳ ಸಂಖ್ಯೆ ಬದಲಾಗಿದ್ದರೂ ಈ ಮೂಲ ನಿಯಮ ಹಾಗೆಯೇ ಮುಂದುವರಿದಿದೆ.

ಇದರ ಪರಿಣಾಮ ಏನೆಂಬುದು ಒಂದು ಲೆಕ್ಕ ಹಾಕಿದರೆ ಕಾಣುತ್ತದೆ. ದಾವಣಗೆರೆಯ ಒಬ್ಬ ವಹಿವಾಟುದಾರರು ಒಂದು ಹಣಕಾಸು ವರ್ಷದಲ್ಲಿ ಮಾರ್ಚ್ ಮೊದಲ ವಾರದ ಹೊತ್ತಿಗೆ 3 ಲಕ್ಷ ರೂಪಾಯಿ ಅಲ್ಪಾವಧಿ ಲಾಭವನ್ನೂ 2 ಲಕ್ಷ ರೂಪಾಯಿ ದೀರ್ಘಾವಧಿ ಲಾಭವನ್ನೂ ಮಾಡಿಕೊಂಡಿದ್ದಾರೆ ಎಂದುಕೊಳ್ಳೋಣ. ಏನೂ ಮಾಡದೆ ಸುಮ್ಮನಿದ್ದರೆ ಅಲ್ಪಾವಧಿ ಲಾಭಕ್ಕೆ 60,000 ರೂಪಾಯಿ ತೆರಿಗೆ. ದೀರ್ಘಾವಧಿಯ 2 ಲಕ್ಷದಲ್ಲಿ 1.25 ಲಕ್ಷ ವಿನಾಯಿತಿ ಕಳೆದು ಉಳಿದ 75,000ಕ್ಕೆ 9,375 ರೂಪಾಯಿ. ಒಟ್ಟು 69,375, ಸೆಸ್ ಸೇರಿ 72,150 ರೂಪಾಯಿ.

ಇವರ ಡಿಮ್ಯಾಟ್ ಖಾತೆಯಲ್ಲಿ ನಷ್ಟದಲ್ಲಿರುವ ಎರಡು ಕಂಪನಿಗಳ ಷೇರುಗಳಿವೆ. ಮೊದಲನೆಯ ಕಂಪನಿಯ 1,000 ಷೇರುಗಳನ್ನು ಎಂಟು ತಿಂಗಳ ಹಿಂದೆ ತಲಾ 900 ರೂಪಾಯಿಗೆ ಕೊಂಡದ್ದು, ಈಗಿನ ಬೆಲೆ 700. ಮಾರಿದರೆ 2 ಲಕ್ಷ ರೂಪಾಯಿ ಅಲ್ಪಾವಧಿ ನಷ್ಟ. ಎರಡನೆಯ ಕಂಪನಿಯ 500 ಷೇರುಗಳನ್ನು ಎರಡು ವರ್ಷದ ಹಿಂದೆ ತಲಾ 1,600ಕ್ಕೆ ಕೊಂಡದ್ದು, ಈಗ 1,300. ಮಾರಿದರೆ ಒಂದೂವರೆ ಲಕ್ಷ ರೂಪಾಯಿ ದೀರ್ಘಾವಧಿ ನಷ್ಟ.

ಮೊದಲನೆಯದನ್ನು ಮಾರಿದರೆ 3 ಲಕ್ಷದ ಅಲ್ಪಾವಧಿ ಲಾಭ 1 ಲಕ್ಷಕ್ಕೆ ಇಳಿಯುತ್ತದೆ, ತೆರಿಗೆಯಲ್ಲಿ 40,000 ರೂಪಾಯಿ ಉಳಿಯುತ್ತದೆ. ಇಲ್ಲಿ ನಷ್ಟದ ಪ್ರತಿ ರೂಪಾಯಿಯೂ 20 ಪೈಸೆ ತೆರಿಗೆ ಉಳಿಸಿತು.

ಎರಡನೆಯದರ ಕತೆ ಬೇರೆ. ಐನೂರೂ ಷೇರು ಮಾರಿದರೆ 2 ಲಕ್ಷದ ದೀರ್ಘಾವಧಿ ಲಾಭ 50,000ಕ್ಕೆ ಇಳಿಯುತ್ತದೆ. ಆದರೆ 1.25 ಲಕ್ಷದವರೆಗಿನ ಲಾಭಕ್ಕೆ ಹೇಗೂ ತೆರಿಗೆ ಇರಲಿಲ್ಲ. ಲಾಭ 2 ಲಕ್ಷದಿಂದ 1.25 ಲಕ್ಷಕ್ಕೆ ಇಳಿಯುವವರೆಗೆ ಮಾತ್ರ ನಷ್ಟ ಕೆಲಸಕ್ಕೆ ಬಂತು; ಅಲ್ಲಿಂದ ಕೆಳಗೆ ಖರ್ಚಾದ 75,000 ರೂಪಾಯಿ ನಷ್ಟ ಒಂದು ಪೈಸೆ ತೆರಿಗೆಯನ್ನೂ ಉಳಿಸಲಿಲ್ಲ. ಕಾನೂನು ಮೊದಲು ನಷ್ಟವನ್ನು ಕಳೆಯುತ್ತದೆ, ಆಮೇಲೆ ವಿನಾಯಿತಿ ಕೊಡುತ್ತದೆ. ಆ 75,000 ರೂಪಾಯಿಯನ್ನು ಬೇಡ, ಮುಂದಿನ ವರ್ಷಕ್ಕೆ ಇಟ್ಟುಕೊಳ್ಳುತ್ತೇನೆ ಎನ್ನಲು ಬರುವುದಿಲ್ಲ, ಏಕೆಂದರೆ ಅದೇ ವರ್ಷ ಕಳೆಯಬಹುದಾದ ನಷ್ಟವನ್ನು ಅದೇ ವರ್ಷ ಕಳೆಯಲೇಬೇಕು. ಐನೂರರ ಬದಲು 250 ಷೇರು ಮಾತ್ರ ಮಾರಿದ್ದರೆ 75,000 ರೂಪಾಯಿ ನಷ್ಟ ಕಾಣಿಸಿಕೊಂಡು ಅದೇ 9,375 ರೂಪಾಯಿ ಉಳಿಯುತ್ತಿತ್ತು. ಉಳಿದ 250 ಷೇರಿನ ನಷ್ಟ ಬೇರೆ ವರ್ಷಕ್ಕೆ ಕೈಯಲ್ಲಿರುತ್ತಿತ್ತು. ದೀರ್ಘಾವಧಿ ಲಾಭ 1.25 ಲಕ್ಷದ ಒಳಗೇ ಇರುವವರು ಹಳೆಯ ಷೇರನ್ನು ನಷ್ಟಕ್ಕೆ ಮಾರಿ ತೆರಿಗೆ ಉಳಿಸಿದೆವು ಎಂದುಕೊಳ್ಳುವುದು ಪೂರ್ತಿ ಭ್ರಮೆ. ಉಳಿಸಲು ಅಲ್ಲಿ ತೆರಿಗೆಯೇ ಇಲ್ಲ.

ಈ ಲೆಕ್ಕದಿಂದ ಸಮಯದ ಬಗೆಗೂ ಒಂದು ಮಾತು ಹೊರಡುತ್ತದೆ. ಲಾಭದಲ್ಲಿರುವ ಷೇರಿಗೆ 12 ತಿಂಗಳು ದಾಟುವುದು ಒಳ್ಳೆಯದು, ತೆರಿಗೆಯ ದರ ಇಳಿಯುತ್ತದೆ. ನಷ್ಟದಲ್ಲಿರುವ ಷೇರಿಗೆ ಅದೇ ಗಡುವು ಕೆಡುಕು. ಮೇಲಿನ ಮೊದಲ ಕಂಪನಿಯ ಷೇರನ್ನು ಇನ್ನೂ ಐದು ತಿಂಗಳು ಇಟ್ಟುಕೊಂಡು ಅದೇ 700 ರೂಪಾಯಿಗೆ ಮಾರಿದರೆ ಆ 2 ಲಕ್ಷ ದೀರ್ಘಾವಧಿ ನಷ್ಟವಾಗುತ್ತದೆ. ಶೇಕಡ 20ರ ತೆರಿಗೆ ಬೀಳುವ ಅಲ್ಪಾವಧಿ ಲಾಭವನ್ನು ಅದು ಮುಟ್ಟಲಾರದು. ಮೇಲಿಂದ ಮೇಲೆ ಕೊಂಡು ಮಾರುವವರ ಲಾಭ ಹೆಚ್ಚಾಗಿ ಅಲ್ಪಾವಧಿಯದೇ ಆಗಿರುವುದರಿಂದ ಅವರಿಗೆ ಬೆಲೆಯುಳ್ಳದ್ದು ಅಲ್ಪಾವಧಿ ನಷ್ಟ. ಹೀಗಾಗಿ ಮಾರ್ಚ್ ತಿಂಗಳಿಗೆ ಕಾಯುವುದಕ್ಕಿಂತ, ಕೆಂಪಿನಲ್ಲಿರುವ ಪ್ರತಿ ಷೇರಿಗೂ ಹನ್ನೊಂದನೆಯ ತಿಂಗಳು ಯಾವಾಗ ಬರುತ್ತದೆ ಎಂದು ಬರೆದಿಟ್ಟುಕೊಳ್ಳುವ ಅಭ್ಯಾಸವೇ ಹೆಚ್ಚು ಹಣ ಉಳಿಸುತ್ತದೆ.

ಮಾರಿದ ಷೇರಿನ ಮೇಲೆ ಇನ್ನೂ ನಂಬಿಕೆ ಇದ್ದರೆ ಮರಳಿ ಕೊಳ್ಳಬಹುದೇ? ಅಮೆರಿಕದಲ್ಲಿ ನಷ್ಟಕ್ಕೆ ಮಾರಿದ ಷೇರನ್ನು 30 ದಿನಗಳ ಹಿಂದೆ ಮುಂದೆ ಕೊಂಡರೆ ಆ ನಷ್ಟ ಆಗ ಲೆಕ್ಕಕ್ಕೆ ಬರುವುದಿಲ್ಲ. ಭಾರತದಲ್ಲಿ ಅಂಥ ದಿನಗಣನೆಯ ನಿಯಮ ಇಲ್ಲ. ಆದರೆ ಒಂದು ಬಲೆ ಇದೆ. ಬೆಳಿಗ್ಗೆ ಮಾರಿ ಅದೇ ದಿನ ಮಧ್ಯಾಹ್ನ ಅದೇ ಖಾತೆಯಲ್ಲಿ ಅಷ್ಟೇ ಷೇರು ಕೊಂಡರೆ ಎರಡೂ ವಹಿವಾಟುಗಳು ಒಂದಕ್ಕೊಂದು ಹೊಂದಿ ಅಳಿದುಹೋಗುತ್ತವೆ. ಡಿಮ್ಯಾಟ್ ಖಾತೆಯಿಂದ ಒಂದು ಷೇರೂ ಹೊರಗೆ ಹೋಗಿರುವುದಿಲ್ಲ. ಹಳೆಯ ಷೇರು ಹಳೆಯ ಬೆಲೆಯಲ್ಲೇ ಕೂತಿರುತ್ತದೆ, ಆ ದಿನದ ಸಣ್ಣ ವ್ಯತ್ಯಾಸ ಮಾತ್ರ ಇಂಟ್ರಾಡೇ ಎಂದು ದಾಖಲಾಗುತ್ತದೆ. 2 ಲಕ್ಷ ರೂಪಾಯಿ ನಷ್ಟ ಬುಕ್ ಆಯಿತೆಂದು ನಂಬಿ ಕೂತವರಿಗೆ ನಿಜ ತಿಳಿಯುವುದು ಬ್ರೋಕರ್ ಕಳಿಸುವ ತೆರಿಗೆ ವರದಿ ನೋಡಿದಾಗ. ಅಷ್ಟರಲ್ಲಿ ಹಣಕಾಸು ವರ್ಷ ಮುಗಿದಿರುತ್ತದೆ. ಮಾರಿದ ಷೇರು ಖಾತೆಯಿಂದ ನಿಜವಾಗಿ ಹೊರಹೋಗಬೇಕು, ಮರು ಖರೀದಿ ಬೇಗನೆ ಎಂದರೂ ಮಾರನೆಯ ದಿನ ಆಗಬೇಕು.

ಆ ಒಂದು ರಾತ್ರಿಗೂ ಬೆಲೆ ಇದೆ. 7 ಲಕ್ಷ ರೂಪಾಯಿಯ ಷೇರು ಮಾರನೆಯ ದಿನ ಶೇಕಡ 3ರಷ್ಟು ಏರಿ ತೆರೆದುಕೊಂಡರೆ ಮರಳಿ ಕೊಳ್ಳಲು 21,000 ರೂಪಾಯಿ ಹೆಚ್ಚು ಬೇಕು. ಇದಲ್ಲದೆ ಡೆಲಿವರಿ ವಹಿವಾಟಿನಲ್ಲಿ ಮಾರುವಾಗಲೂ ಕೊಳ್ಳುವಾಗಲೂ ಶೇಕಡ 0.1ರಷ್ಟು ಸೆಕ್ಯುರಿಟೀಸ್ ಟ್ರಾನ್ಸಾಕ್ಷನ್ ಟ್ಯಾಕ್ಸ್ ಇದೆ. 7 ಲಕ್ಷಕ್ಕೆ ಎರಡು ಸಲ 700ರಂತೆ 1,400 ರೂಪಾಯಿ. ಕೊಳ್ಳುವಾಗ ಶೇಕಡ 0.015ರ ಮುದ್ರಾಂಕ ಶುಲ್ಕ 105 ರೂಪಾಯಿ. ದಲ್ಲಾಳಿ ಮತ್ತು ಇತರ ಶುಲ್ಕ ಬೇರೆ. ಬಂಡವಾಳ ಲಾಭದ ಲೆಕ್ಕದಲ್ಲಿ ದಲ್ಲಾಳಿಯನ್ನು ಖರ್ಚೆಂದು ಕಳೆಯಬಹುದು, ಸೆಕ್ಯುರಿಟೀಸ್ ಟ್ರಾನ್ಸಾಕ್ಷನ್ ಟ್ಯಾಕ್ಸನ್ನು ಕಳೆಯುವಂತಿಲ್ಲ. 40,000 ರೂಪಾಯಿ ಉಳಿಯುವಲ್ಲಿ ಇವು ದೊಡ್ಡ ಮೊತ್ತಗಳಲ್ಲ. ಉಳಿತಾಯ ನಾಲ್ಕೈದು ಸಾವಿರದ್ದಾದರೆ ಯೋಚಿಸಬೇಕಾಗುತ್ತದೆ.

ಇನ್ನೊಂದು ಸಂಗತಿಯನ್ನು ತೆರಿಗೆ ಸಲಹೆಗಳು ಸಾಮಾನ್ಯವಾಗಿ ಹೇಳುವುದಿಲ್ಲ: ಮರಳಿ ಕೊಂಡರೆ ತೆರಿಗೆ ಬಹುಪಾಲು ಮುಂದಕ್ಕೆ ಹೋಗುತ್ತದೆಯೇ ಹೊರತು ಮಾಯವಾಗುವುದಿಲ್ಲ. ದಾವಣಗೆರೆಯ ವಹಿವಾಟುದಾರರು ಅದೇ ಷೇರನ್ನು ಮಾರನೆಯ ದಿನ 700 ರೂಪಾಯಿಗೆ ಮರಳಿ ಕೊಂಡರೆ ಅವರ ಹೊಸ ಕೊಂಡ ಬೆಲೆ 700, 900 ಅಲ್ಲ. ಐದು ತಿಂಗಳಲ್ಲಿ ಬೆಲೆ 900ಕ್ಕೆ ಮರಳಿ ಅವರು ಮಾರಿದರೆ 2 ಲಕ್ಷ ರೂಪಾಯಿ ಅಲ್ಪಾವಧಿ ಲಾಭ, 40,000 ರೂಪಾಯಿ ತೆರಿಗೆ. ಮಾರ್ಚ್‌ನಲ್ಲಿ ಉಳಿಸಿದ್ದು ಆಗಸ್ಟ್‌ನಲ್ಲಿ ಹೋಯಿತು. ಮೊದಲೇ ಮಾರದೆ ಇಟ್ಟುಕೊಂಡಿದ್ದರೆ 900ಕ್ಕೆ ಕೊಂಡು 900ಕ್ಕೆ ಮಾರಿದಂತಾಗಿ ಆಗ ತೆರಿಗೆಯೇ ಇರುತ್ತಿರಲಿಲ್ಲ. ಇಲ್ಲಿ ದಕ್ಕಿದ್ದು 40,000 ರೂಪಾಯಿಯನ್ನು ಒಂದು ವರ್ಷದ ಮಟ್ಟಿಗೆ ಬಳಸಿಕೊಳ್ಳುವ ಅನುಕೂಲ ಮಾತ್ರ.

ಅದೇ ಷೇರನ್ನು ಮರಳಿ ಕೊಂಡ ದಿನದಿಂದ 12 ತಿಂಗಳು ದಾಟಿಸಿ 900ಕ್ಕೆ ಮಾರಿದರೆ ಚಿತ್ರ ಬದಲಾಗುತ್ತದೆ. ಆ 2 ಲಕ್ಷ ಈಗ ದೀರ್ಘಾವಧಿ ಲಾಭ. ಆ ವರ್ಷ ಬೇರೆ ದೀರ್ಘಾವಧಿ ಲಾಭ ಇಲ್ಲದಿದ್ದರೆ 1.25 ಲಕ್ಷ ವಿನಾಯಿತಿ ಹೋಗಿ ತೆರಿಗೆ 9,375 ರೂಪಾಯಿ. ಉಳಿಸಿದ್ದು 40,000, ಮರಳಿ ಕೊಟ್ಟದ್ದು 9,375. ಸೆಸ್ಸನ್ನು ಬದಿಗಿಟ್ಟರೆ ನಿಜವಾಗಿ ಉಳಿದದ್ದು 30,625 ರೂಪಾಯಿ. ಶೇಕಡ 20ರ ದರದಲ್ಲಿ ಕಳೆದು ಶೇಕಡ 12.5ರ ದರದಲ್ಲಿ ಕಟ್ಟುವುದರಲ್ಲೇ ಈ ಇಡೀ ಉಪಾಯದ ಸತ್ವ ಇದೆ. ಮರಳಿ ಕೊಂಡು ತಿಂಗಳೊಪ್ಪತ್ತಿನಲ್ಲಿ ಮತ್ತೆ ಮಾರುವವರಿಗೆ ಅದು ಸಿಗುವುದಿಲ್ಲ.

ಒಂದೇ ಕಂಪನಿಯ ಷೇರನ್ನು ಹಲವು ಸಲ ಕೊಂಡವರಿಗೆ ಬೇರೊಂದು ತೊಡಕು ಕಾದಿರುತ್ತದೆ. 2021ರಲ್ಲಿ 500 ರೂಪಾಯಿಯಂತೆ 100 ಷೇರು, ಕಳೆದ ವರ್ಷ 900ರಂತೆ ಮತ್ತೆ 100 ಷೇರು ಕೊಂಡವರು ಬೆಲೆ 700 ಇರುವಾಗ 100 ಷೇರು ಮಾರುತ್ತಾರೆ. ದುಬಾರಿಗೆ ಕೊಂಡದ್ದನ್ನೇ ಮಾರಿದೆ, 20,000 ರೂಪಾಯಿ ನಷ್ಟವಾಯಿತು ಎಂಬುದು ಅವರ ಎಣಿಕೆ. ಡಿಮ್ಯಾಟ್ ಖಾತೆಯಲ್ಲಿ ಮೊದಲು ಬಂದ ಷೇರೇ ಮೊದಲು ಹೊರಗೆ ಹೋಯಿತೆಂದು ಕಾನೂನು ಎಣಿಸುತ್ತದೆ. ಹೋದದ್ದು 2021ರ ಷೇರು. ಆದದ್ದು 20,000 ರೂಪಾಯಿ ಲಾಭ. ಬ್ರೋಕರ್ ಆ್ಯಪ್‌ನಲ್ಲಿ ಕಾಣುವ ಸರಾಸರಿ ಬೆಲೆ ಇಲ್ಲಿ ದಾರಿ ತಪ್ಪಿಸುತ್ತದೆ, ಏಕೆಂದರೆ ತೆರಿಗೆಯ ಲೆಕ್ಕಕ್ಕೆ ಸರಾಸರಿ ನಡೆಯುವುದಿಲ್ಲ. ಈ ಎಣಿಕೆ ಒಂದೊಂದು ಡಿಮ್ಯಾಟ್ ಖಾತೆಗೂ ಪ್ರತ್ಯೇಕವಾಗಿ ನಡೆಯುತ್ತದೆಂದು ಕೇಂದ್ರ ನೇರ ತೆರಿಗೆ ಮಂಡಳಿ 1998ರಲ್ಲೇ ಸುತ್ತೋಲೆ ಹೊರಡಿಸಿದೆ. ಆದ್ದರಿಂದ ದೀರ್ಘ ಕಾಲಕ್ಕೆ ಇಟ್ಟ ಷೇರುಗಳನ್ನೂ ದಿನನಿತ್ಯ ಆಡಿಸುವ ಷೇರುಗಳನ್ನೂ ಬೇರೆ ಬೇರೆ ಡಿಮ್ಯಾಟ್ ಖಾತೆಗಳಲ್ಲಿ ಇಡುವುದು ಜಾಣತನ. ಮಾರುವ ಮುನ್ನ ಬ್ರೋಕರ್ ಕೊಡುವ ತೆರಿಗೆ ವರದಿಯಲ್ಲಿ ಖರೀದಿಯ ತಾರೀಖುಗಳನ್ನು ಸಾಲಾಗಿ ನೋಡಿಕೊಂಡರೆ ಯಾವ ಷೇರು ಹೋಗುತ್ತದೆಂಬುದು ಖಚಿತವಾಗುತ್ತದೆ. ಬೇರೆ ಬ್ರೋಕರ್‌ನಿಂದ ವರ್ಗಾಯಿಸಿಕೊಂಡ ಷೇರಿಗೆ ಕೊಂಡ ಬೆಲೆ ಸೊನ್ನೆ ಎಂದೋ ಖಾಲಿ ಎಂದೋ ಅಲ್ಲಿ ಕಾಣಬಹುದು. ಹಳೆಯ ಕಾಂಟ್ರಾಕ್ಟ್ ನೋಟ್ ಹುಡುಕಿ ಅದನ್ನು ಸರಿಪಡಿಸಿಕೊಳ್ಳಬೇಕು.

ಬೋನಸ್ ಷೇರಿನ ವಿಷಯದಲ್ಲೂ ಒಂದು ತಡೆ ಇದೆ. ಬೋನಸ್‌ನ ದಾಖಲೆ ದಿನಕ್ಕೆ ಮುಂಚಿನ ಮೂರು ತಿಂಗಳೊಳಗೆ ಷೇರು ಕೊಂಡು, ಬೋನಸ್ ಬಂದ ಮೇಲೆ ಬೆಲೆ ಇಳಿದಾಗ ಮೂಲ ಷೇರನ್ನು ಒಂಬತ್ತು ತಿಂಗಳೊಳಗೆ ಮಾರಿ, ಬೋನಸ್ ಷೇರುಗಳನ್ನು ಪೂರ್ತಿಯಾಗಿಯೋ ಭಾಗಶಃವೋ ಉಳಿಸಿಕೊಂಡರೆ ಆ ನಷ್ಟವನ್ನು ಕಾನೂನು ಪರಿಗಣಿಸುವುದಿಲ್ಲ. ಅದನ್ನು ಕೈಯಲ್ಲುಳಿದ ಬೋನಸ್ ಷೇರಿನ ಕೊಂಡ ಬೆಲೆ ಎಂದು ಹಿಡಿಯಲಾಗುತ್ತದೆ. ಮೊದಲು ಮ್ಯೂಚುವಲ್ ಫಂಡ್ ಯೂನಿಟ್‌ಗಳಿಗಷ್ಟೇ ಇದ್ದ ಈ ನಿಯಮ 2023ರ ಏಪ್ರಿಲ್‌ನಿಂದ ಷೇರುಗಳಿಗೂ ಬಂದಿದೆ.

ಇಷ್ಟು ಹೊತ್ತು ಹೇಳಿದ್ದು ಡೆಲಿವರಿ ಪಡೆದು ಮಾರಿದ ಷೇರಿನ ಮಾತು. ಸಕ್ರಿಯ ವಹಿವಾಟುದಾರರಲ್ಲಿ ಹಲವರು ಇಂಟ್ರಾಡೇ ಮತ್ತು ಎಫ್ ಅಂಡ್ ಓ ಕೂಡ ಮಾಡುತ್ತಾರೆ, ಮೂರನ್ನೂ ಒಂದೇ ಚೀಲಕ್ಕೆ ಹಾಕಿ ಲೆಕ್ಕ ಮಾಡುತ್ತಾರೆ. ಕಾನೂನಿನ ದೃಷ್ಟಿಯಲ್ಲಿ ಇವು ಬಂಡವಾಳ ಲಾಭವೇ ಅಲ್ಲ, ವ್ಯಾಪಾರದ ಆದಾಯ. ಷೇರಿನ ಇಂಟ್ರಾಡೇ ಸಟ್ಟಾ ವ್ಯಾಪಾರ ಎನಿಸಿಕೊಳ್ಳುತ್ತದೆ. ಅದರ ನಷ್ಟವನ್ನು ಸಟ್ಟಾ ಲಾಭದಲ್ಲಿ ಮಾತ್ರ ಕಳೆಯಬೇಕು, ನಾಲ್ಕು ವರ್ಷ ಮಾತ್ರ ಮುಂದಕ್ಕೆ ಒಯ್ಯಬಹುದು. ಷೇರು ವಿನಿಮಯ ಕೇಂದ್ರದಲ್ಲಿ ನಡೆದ ಎಫ್ ಅಂಡ್ ಓ ಸಟ್ಟಾ ಅಲ್ಲದ ವ್ಯಾಪಾರ. ಅದರ ನಷ್ಟವನ್ನು ಆ ವರ್ಷದ ಬಂಡವಾಳ ಲಾಭದಲ್ಲಿ ಕಳೆಯಬಹುದು, ಸಂಬಳದಲ್ಲಿ ಕಳೆಯುವಂತಿಲ್ಲ. ಆದರೆ ದಾರಿ ಒಮ್ಮುಖ. ಎಫ್ ಅಂಡ್ ಓನಲ್ಲಿ 5 ಲಕ್ಷ ಲಾಭ ಮಾಡಿದವರು ಡೆಲಿವರಿ ಷೇರನ್ನು ನಷ್ಟಕ್ಕೆ ಮಾರಿ ಆ 5 ಲಕ್ಷವನ್ನು ಇಳಿಸಲು ಬರುವುದಿಲ್ಲ. ಮಾರ್ಚ್ ಕೊನೆಯಲ್ಲಿ ಹಾಗೆ ಮಾರಿ ಕೈಸುಟ್ಟುಕೊಳ್ಳುವವರು ಪ್ರತಿ ವರ್ಷ ಲೆಕ್ಕಪರಿಶೋಧಕರ ಕಚೇರಿಗೆ ಬರುತ್ತಾರೆ. ಕ್ರಿಪ್ಟೋ ನಷ್ಟಕ್ಕಂತೂ ಯಾವ ದಾರಿಯೂ ಇಲ್ಲ. ಅದನ್ನು ಯಾವ ಲಾಭದಲ್ಲೂ ಕಳೆಯುವಂತಿಲ್ಲ, ಮುಂದಕ್ಕೂ ಒಯ್ಯುವಂತಿಲ್ಲ.

ಡೆಲಿವರಿ ವಹಿವಾಟೇ ತೀರಾ ಹೆಚ್ಚಾಗಿದ್ದರೆ ಅದು ಹೂಡಿಕೆಯೋ ವ್ಯಾಪಾರವೋ ಎಂಬ ಪ್ರಶ್ನೆ ಏಳುತ್ತದೆ. 12 ತಿಂಗಳಿಗಿಂತ ಹೆಚ್ಚು ಇಟ್ಟ ನೋಂದಾಯಿತ ಷೇರನ್ನು ಬಂಡವಾಳ ಲಾಭವೆಂದು ತೋರಿಸಿದರೆ ಅಧಿಕಾರಿಗಳು ತಕರಾರು ಮಾಡಬಾರದೆಂದು, ಆದರೆ ಒಮ್ಮೆ ಹಿಡಿದ ನಿಲುವನ್ನು ತೆರಿಗೆದಾರರು ಮುಂದಿನ ವರ್ಷಗಳಲ್ಲಿ ಬದಲಿಸಬಾರದೆಂದು ಮಂಡಳಿ 2016ರ ಫೆಬ್ರವರಿ 29ರ ಸುತ್ತೋಲೆಯಲ್ಲಿ ಹೇಳಿದೆ. ಒಂದು ವರ್ಷ ಹೂಡಿಕೆ, ಇನ್ನೊಂದು ವರ್ಷ ವ್ಯಾಪಾರ ಎಂದು ಅನುಕೂಲಕ್ಕೆ ತಕ್ಕಂತೆ ತೋರಿಸುವುದು ನೋಟಿಸನ್ನು ಮನೆಗೆ ಕರೆದಂತೆ.

ಬಂಡವಾಳ ನಷ್ಟದ ಹರಹು ಷೇರು ಪೇಟೆಗೆ ಸೀಮಿತವಲ್ಲ ಎಂಬುದನ್ನೂ ನೆನಪಿಡಬೇಕು. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಹಳೆಯ ನಿವೇಶನ ಮಾರಿ ದೀರ್ಘಾವಧಿ ಲಾಭ ಬಂದ ವರ್ಷ, ಷೇರಿನ ದೀರ್ಘಾವಧಿ ನಷ್ಟವನ್ನೂ ಅಲ್ಪಾವಧಿ ನಷ್ಟವನ್ನೂ ಆ ಲಾಭದಲ್ಲಿ ಕಳೆಯಬಹುದು. ನಿವೇಶನದ ಲಾಭಕ್ಕೆ 1.25 ಲಕ್ಷದ ವಿನಾಯಿತಿ ಇಲ್ಲ, ಹೀಗಾಗಿ ಅಲ್ಲಿ ಕಳೆದ ನಷ್ಟ ವ್ಯರ್ಥವಾಗುವ ಮಾತಿಲ್ಲ. ವರ್ಷಗಳಿಂದ ಮೂಲೆಯಲ್ಲಿ ಬಿದ್ದಿರುವ ಸೋತ ಷೇರುಗಳನ್ನು ತೆಗೆದುಹಾಕಲು ಅದಕ್ಕಿಂತ ಒಳ್ಳೆಯ ವರ್ಷ ಸಿಗುವುದು ಕಷ್ಟ.

ಆ ವರ್ಷ ಕಳೆಯಲು ಸಾಕಷ್ಟು ಲಾಭವೇ ಇಲ್ಲದಿದ್ದರೆ ಉಳಿದ ಬಂಡವಾಳ ನಷ್ಟವನ್ನು ಮುಂದಿನ ಎಂಟು ವರ್ಷಗಳವರೆಗೆ ಒಯ್ಯಬಹುದು. ಮುಂದೆ ಒಯ್ದಾಗಲೂ ಜಾತಿ ಬದಲಾಗದು: ದೀರ್ಘಾವಧಿ ನಷ್ಟಕ್ಕೆ ಆಗಲೂ ದೀರ್ಘಾವಧಿ ಲಾಭವೇ ಬೇಕು. ಇದಕ್ಕೆ ಒಂದೇ ಒಂದು ಷರತ್ತು, ಅದು ಕಟ್ಟುನಿಟ್ಟಾದದ್ದು. ನಷ್ಟವಾದ ವರ್ಷದ ರಿಟರ್ನ್ ನಿಗದಿತ ಕೊನೆಯ ದಿನದೊಳಗೆ ಸಲ್ಲಿಕೆಯಾಗಿರಬೇಕು. ತಡವಾಗಿ ದಂಡ ಕಟ್ಟಿ ಸಲ್ಲಿಸಿದರೆ ರಿಟರ್ನ್ ಸ್ವೀಕೃತವಾಗುತ್ತದೆ, ಆ ವರ್ಷದ ಲಾಭದಲ್ಲಿ ನಷ್ಟ ಕಳೆಯುವುದಕ್ಕೂ ಅಡ್ಡಿಯಿಲ್ಲ, ಆದರೆ ಉಳಿದ ನಷ್ಟ ಮುಂದಕ್ಕೆ ಹೋಗುವುದಿಲ್ಲ. ಬರಿಯ ನಷ್ಟವೇ ಆದ ವರ್ಷ ಕಟ್ಟಲು ತೆರಿಗೆ ಇಲ್ಲವಲ್ಲ, ರಿಟರ್ನ್ ಏಕೆ ಎಂದು ಬಿಟ್ಟುಬಿಡುವವರು ಎಂಟು ವರ್ಷಗಳ ಹಕ್ಕನ್ನು ಕಳೆದುಕೊಳ್ಳುತ್ತಾರೆ. ಡೆಲಿವರಿ ಷೇರಷ್ಟೇ ಇದ್ದು ವ್ಯಾಪಾರದ ಆದಾಯ ಇಲ್ಲದವರಿಗೆ ಐಟಿಆರ್-2, ಇಂಟ್ರಾಡೇ ಅಥವಾ ಎಫ್ ಅಂಡ್ ಓ ಇದ್ದವರಿಗೆ ಐಟಿಆರ್-3 ಅನ್ವಯಿಸುತ್ತದೆ. ಷೇರಿನಲ್ಲಿ ಸೋತ ವರ್ಷವೇ ರಿಟರ್ನನ್ನು ಸಕಾಲಕ್ಕೆ ಸಲ್ಲಿಸಿ, ನಷ್ಟದ ಮೊತ್ತ ಅದರಲ್ಲಿ ಮುಂದಿನ ವರ್ಷಕ್ಕೆ ಒಯ್ದದ್ದಾಗಿ ದಾಖಲಾಗಿದೆಯೇ ಎಂದು ಕಣ್ಣಾರೆ ನೋಡಿಕೊಳ್ಳಿ.